ಫುಟ್ಬಾಲ್ ಆಡುವ ಮಗುವಿನ ಹಿಮ್ಮಡಿ ನೋವು: ಪೂರ್ಣ ವಿಶ್ರಾಂತಿಯೇ, ಆಟದ ಕಡಿತವೇ, ಶೂ ಒಳಗಿನ ಮೆತ್ತೆಯೇ?

ಕಾಸರಗೋಡಿನ ಗದ್ದೆಗಳಲ್ಲಿ ಕೊಯ್ಲು ಮುಗಿದು ನೆಲ ಒಣಗಿ ಗಟ್ಟಿಯಾದ ಮೇಲೆ ತಂಡಕ್ಕೆ ಏಳು ಮಂದಿಯಂತೆ ಆಡುವ ಸೆವೆನ್ಸ್ ಫುಟ್ಬಾಲ್ ಆಟಗಳು ಆರಂಭವಾಗುತ್ತವೆ. ಅದಾಗಿ ಒಂದೆರಡು ತಿಂಗಳೊಳಗೆ, ಹತ್ತರಿಂದ ಹದಿಮೂರು ವರ್ಷದ ಹುಡುಗರು ಆಟ ಮುಗಿಸಿ ಮನೆಗೆ ಬರುವಾಗ ಹಿಮ್ಮಡಿ ಊರದೆ ಪಾದದ ಮುಂಭಾಗದ ಮೇಲೆ ನಡೆಯುತ್ತಾರೆಂದು ತಾಯಂದಿರು ಬಂದು ಹೇಳತೊಡಗುತ್ತಾರೆ. ಫಿಸಿಯೋಥೆರಪಿಯಲ್ಲಿ ನಾನು ನೋಡುವ ಈ ಮಕ್ಕಳಲ್ಲಿ ಹೆಚ್ಚಿನವರ ತೊಂದರೆ ಒಂದೇ ಬಗೆಯದು: ಹಿಮ್ಮಡಿ ಮೂಳೆಯ ಹಿಂತುದಿಯಲ್ಲಿರುವ, ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪಟ್ಟಿಯ ಉರಿಯೂತ. ಅಮೆರಿಕದ ಮೂಳೆತಜ್ಞ ಜೇಮ್ಸ್ ಸೀವರ್ 1912ರಲ್ಲಿ ಇದನ್ನು ವಿವರಿಸಿದ್ದರಿಂದ ವೈದ್ಯರ ಚೀಟಿಯಲ್ಲಿ ಇದು ಸಾಮಾನ್ಯವಾಗಿ ಸೀವರ್ಸ್ ಎಂಬ ಹೆಸರಿನಲ್ಲಿ ಕಾಣುತ್ತದೆ. ಹೆತ್ತವರು ಆ ಚೀಟಿ ಹಿಡಿದುಕೊಂಡು ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಆಟವನ್ನು ಪೂರ್ತಿ ನಿಲ್ಲಿಸಬೇಕೇ, ಕಡಿಮೆ ಮಾಡಿದರೆ ಸಾಕೇ, ಅಥವಾ ಅಂಗಡಿಯಲ್ಲಿ ಸಿಗುವ ಜೆಲ್ ಮೆತ್ತೆಯನ್ನು ಶೂ ಒಳಗೆ ಇಟ್ಟು ಆಡಲು ಬಿಡಬಹುದೇ? ಈ ಮೂರು ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಈ ಬರಹದ ಉದ್ದೇಶ.

ನೋವು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಆಯ್ಕೆ ಸುಲಭವಾಗುತ್ತದೆ. ಮಗುವಿನ ಹಿಮ್ಮಡಿ ಮೂಳೆಯ ಹಿಂಭಾಗದಲ್ಲಿ ಒಂದು ಪ್ರತ್ಯೇಕ ಮೂಳೆತುಂಡು ಬೆಳೆಯುತ್ತಿರುತ್ತದೆ. ಅದಕ್ಕೂ ಮುಖ್ಯ ಮೂಳೆಗೂ ನಡುವೆ ಮೃದ್ವಸ್ಥಿಯ ಒಂದು ಪಟ್ಟಿಯಿದ್ದು, ಹದಿನಾಲ್ಕರಿಂದ ಹದಿನಾರು ವರ್ಷದ ಹೊತ್ತಿಗೆ ಆ ಪಟ್ಟಿ ಮೂಳೆಯಾಗಿ ಎರಡೂ ಭಾಗಗಳು ಒಂದಾಗುತ್ತವೆ. ಅಲ್ಲಿಯವರೆಗೆ ಆ ಜಾಗ ಇಡೀ ಪಾದದಲ್ಲಿ ದುರ್ಬಲವಾದ ಕೊಂಡಿ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಸ್ನಾಯುರಜ್ಜು ಅದನ್ನು ಮೇಲಕ್ಕೆ ಎಳೆಯುತ್ತದೆ. ಅಂಗಾಲಿನ ಅಡಿಯಲ್ಲಿ ಹಾದುಹೋಗುವ ಗಟ್ಟಿ ಪಟ್ಟಿ ಮುಂದಕ್ಕೆ ಎಳೆಯುತ್ತದೆ. ಓಡಿದಾಗ ಮತ್ತು ಜಿಗಿದಾಗ ನೆಲ ಅದೇ ಜಾಗವನ್ನು ಕೆಳಗಿನಿಂದ ಗುದ್ದುತ್ತದೆ. ಎತ್ತರ ಬೇಗ ಹೆಚ್ಚುವ ತಿಂಗಳುಗಳಲ್ಲಿ ಕಾಲಿನ ಮೂಳೆ ಉದ್ದವಾದಷ್ಟು ವೇಗವಾಗಿ ಮೀನಖಂಡ ಉದ್ದವಾಗುವುದಿಲ್ಲವಾದ್ದರಿಂದ ಮೇಲ್ಮುಖ ಎಳೆತ ಇನ್ನಷ್ಟು ಬಿಗಿಯಾಗುತ್ತದೆ. ಹೀಗೆ ಎಳೆತ ಮತ್ತು ಗುದ್ದು ಎರಡೂ ಸೇರಿ ನೋವಾಗುತ್ತದೆ. ಯಾವ ಉಪಾಯ ಇವೆರಡರಲ್ಲಿ ಯಾವುದನ್ನು ಎಷ್ಟು ಕಡಿಮೆ ಮಾಡುತ್ತದೆ ಎಂಬುದೇ ನಾವು ಹೋಲಿಸಬೇಕಾದ ವಿಷಯ. ಅನೇಕ ಅಜ್ಜಿಯರಿಗೆ ಇರುವ ಒಂದು ಭಯವನ್ನೂ ಇಲ್ಲೇ ತೆಗೆದುಹಾಕಬಹುದು: ಈ ಪಟ್ಟಿಗೂ ಕಾಲಿನ ಉದ್ದಕ್ಕೂ ಸಂಬಂಧವಿಲ್ಲ, ಇದು ನೊಂದಿತೆಂದು ಮಗು ಗಿಡ್ಡವಾಗಿ ಉಳಿಯುವುದಿಲ್ಲ.

ಆಯ್ಕೆಗೆ ಮೊದಲು: ಇದು ಅದೇ ನೋವೇ?

ಮಗುವನ್ನು ಕೂರಿಸಿ, ಹಿಮ್ಮಡಿಯ ಎರಡು ಬದಿಗಳನ್ನು ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಒತ್ತಿ ನೋಡಿ. ಬೆಳವಣಿಗೆಯ ಪಟ್ಟಿಯ ತೊಂದರೆಯಿದ್ದರೆ ಮಗು ಅಲ್ಲೇ ಕಾಲೆಳೆದುಕೊಳ್ಳುತ್ತದೆ. ಆಟದ ಹೊತ್ತಿನಲ್ಲಿ ಮತ್ತು ಆಟ ಮುಗಿದ ಮೇಲೆ ನೋವು ಹೆಚ್ಚಾಗಿ, ಒಂದೆರಡು ದಿನ ಆಡದಿದ್ದರೆ ತಗ್ಗುವುದು ಇದರ ಲಕ್ಷಣ. ಅನೇಕರಿಗೆ ಎರಡೂ ಹಿಮ್ಮಡಿಗಳು ನೋಯುತ್ತವೆ. ಹೊರಗೆ ಊತವಾಗಲಿ ಕೆಂಪಾಗಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಲಕ್ಷಣಗಳು ಸ್ಪಷ್ಟವಾಗಿದ್ದರೆ ಎಕ್ಸ್-ರೇ ಅಗತ್ಯವಿಲ್ಲ. ತೆಗೆದರೂ ಆ ಮೂಳೆತುಂಡು ಚೂರಾದಂತೆ ಅಥವಾ ಅತಿ ಬಿಳಿಯಾಗಿ ಕಾಣಬಹುದು, ನೋವಿಲ್ಲದ ಮಕ್ಕಳಲ್ಲೂ ಅದು ಹಾಗೆಯೇ ಕಾಣುತ್ತದೆ. ಚಿತ್ರ ನೋಡಿ ಮೂಳೆ ಮುರಿದಿದೆ ಎಂದು ಹೆದರಿದ ಕುಟುಂಬಗಳನ್ನು ನಾನು ಕಂಡಿದ್ದೇನೆ.

ಮುಂದೆ ಹೇಳುವ ಯಾವ ಆಯ್ಕೆಯೂ ಹೊಂದದ ಮಕ್ಕಳು ಇದ್ದಾರೆ. ಜ್ವರ, ಊತ ಅಥವಾ ಬಿಸಿಯೇರಿದ ಚರ್ಮ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಒಂದೇ ಬಾರಿಯ ಬೀಳುವಿಕೆಯ ನಂತರ ಕಾಲೂರಲಾಗದ ಸ್ಥಿತಿ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಉಳಿಯುವ ಬಿಗಿತದ ಜೊತೆಗೆ ಬೇರೆ ಕೀಲುಗಳಲ್ಲೂ ನೋವು, ಇವುಗಳಲ್ಲಿ ಒಂದಿದ್ದರೂ ಮೆತ್ತೆ ಕೊಳ್ಳುವ ಮೊದಲು ವೈದ್ಯರನ್ನು ಕಾಣಬೇಕು. ನಮ್ಮ ಕಡೆ ಇನ್ನೊಂದು ಮಾತನ್ನು ವಿಶೇಷವಾಗಿ ಕೇಳಬೇಕಾಗುತ್ತದೆ. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಗುವಿಗೆ ಕೆಲವು ವಾರಗಳ ಹಿಂದೆ ಹಿಮ್ಮಡಿಗೆ ಮುಳ್ಳು ಚುಚ್ಚಿತ್ತೇ? ಗಾಯ ಮೇಲೆ ಮಾಯ್ದರೂ ಒಳಗೆ ಮೂಳೆಗೆ ಸೋಂಕು ತಗಲಿರಬಹುದು, ಅದು ಆಟ ಕಡಿಮೆ ಮಾಡುವುದರಿಂದ ಗುಣವಾಗುವ ನೋವಲ್ಲ.

ಪೂರ್ಣ ವಿಶ್ರಾಂತಿ

ಮೊದಲ ಆಯ್ಕೆ ಎಲ್ಲರಿಗೂ ಮೊದಲು ಹೊಳೆಯುವಂಥದ್ದು: ಒಂದೆರಡು ತಿಂಗಳು ಚೆಂಡನ್ನೇ ಮುಟ್ಟಬಾರದು. ಇದರಿಂದ ನೋವು ಇಳಿಯುತ್ತದೆ, ಆ ಬಗ್ಗೆ ಸಂಶಯವಿಲ್ಲ. ಆದರೆ ಎರಡು ತಿಂಗಳು ಮನೆಯಲ್ಲಿ ಕುಳಿತ ಹುಡುಗನ ಮೀನಖಂಡ ಇನ್ನಷ್ಟು ಬಿಗಿದು ದುರ್ಬಲವಾಗಿರುತ್ತದೆ, ಮೂಳೆ ಮಾತ್ರ ಬೆಳೆಯುತ್ತಲೇ ಇರುತ್ತದೆ. ನೋವಿಲ್ಲವೆಂದು ಅವನು ಒಮ್ಮೆಲೇ ಪಂದ್ಯಕ್ಕೆ ಇಳಿದರೆ ಮೊದಲಿದ್ದ ಎಳೆತಕ್ಕಿಂತ ಹೆಚ್ಚಿನ ಎಳೆತವನ್ನು ಆ ಪಟ್ಟಿ ಎದುರಿಸಬೇಕಾಗುತ್ತದೆ, ಮೂರನೆಯ ದಿನವೇ ಹಳೆಯ ಕುಂಟು ಮರಳುತ್ತದೆ. ಪೂರ್ಣ ವಿಶ್ರಾಂತಿ ಬೇಕಾಗುವುದು ಸಾಧಾರಣ ನಡಿಗೆಯಲ್ಲೂ ಕುಂಟುವ ಮಗುವಿಗೆ. ಅವನಿಗೂ ಅದು ಒಂದರಿಂದ ಎರಡು ವಾರ ಸಾಕು. ಆ ಅವಧಿಯಲ್ಲೂ ಸೈಕಲ್ ತುಳಿಯಬಹುದು, ಈಜು ಬಲ್ಲವನು ದೊಡ್ಡವರ ಕಣ್ಗಾವಲಿನಲ್ಲಿ ಕೆರೆಯಲ್ಲಿ ಈಜಬಹುದು. ಎರಡರಲ್ಲೂ ಹಿಮ್ಮಡಿಗೆ ಗುದ್ದು ಇಲ್ಲ. ತೀವ್ರ ನೋವಿನ ಕೆಲವೇ ಮಕ್ಕಳಿಗೆ ವೈದ್ಯರು ಪ್ಲಾಸ್ಟರ್ ಅಥವಾ ಪಾದವನ್ನು ಹಿಡಿದಿಡುವ ಬೂಟನ್ನು ಕೆಲವು ವಾರಗಳ ಮಟ್ಟಿಗೆ ಹಾಕಿಸುವುದುಂಟು. ಅದು ಕೊನೆಯ ಮೆಟ್ಟಿಲು.

ಆಟವನ್ನು ಕಡಿಮೆ ಮಾಡಿ ಮುಂದುವರಿಸುವುದು

ನನ್ನ ಅಭಿಪ್ರಾಯದಲ್ಲಿ ನಿಜವಾದ ಚಿಕಿತ್ಸೆ ಇದೇ, ಉಳಿದವು ಇದಕ್ಕೆ ಸಹಾಯಕ. ಇಲ್ಲಿ ಎಷ್ಟು ಗಂಟೆ ಆಡಿದ ಎಂಬುದರ ಜೊತೆಗೆ ಎಂಥ ನೆಲದಲ್ಲಿ ಆಡಿದ, ಎಷ್ಟು ಬಾರಿ ವೇಗವಾಗಿ ಓಡಿ ಒಮ್ಮೆಲೇ ನಿಂತ, ಎಷ್ಟು ಜಿಗಿದ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಿಂತಲ್ಲಿ ನಿಂತು ಚೆಂಡು ಹಾಯಿಸುವ ಒಂದು ಗಂಟೆಯೂ ಮುರಕಲ್ಲಿನ ಮೈದಾನದಲ್ಲಿ ಸೆವೆನ್ಸ್ ಆಡುವ ಒಂದು ಗಂಟೆಯೂ ಹಿಮ್ಮಡಿಗೆ ಸಮಾನವಲ್ಲ.

ಎಷ್ಟು ಆಡಬಹುದು ಎಂದು ತೀರ್ಮಾನಿಸಲು ಮಗುವಿನ ಬಳಿಯೇ ಅಳತೆಗೋಲು ಇದೆ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾಗದ ನೋವು ಎಂದು ಹೇಳಿಕೊಟ್ಟು, ಆಟದ ನಡುವೆ ಎಷ್ಟು ಎಂದು ಕೇಳಿ. ಎರಡರವರೆಗೆ ಇದ್ದರೆ ಮುಂದುವರಿಸಬಹುದು. ಅದಕ್ಕಿಂತ ಮುಖ್ಯವಾದ ಪರೀಕ್ಷೆ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲಿಡುವಾಗಿನದು. ಹಿಂದಿನ ದಿನದ ಬೆಳಿಗ್ಗೆಗಿಂತ ನೋವು ಹೆಚ್ಚಾಗಿದ್ದರೆ ನಿನ್ನೆಯ ಆಟ ಮಿತಿ ಮೀರಿತ್ತು ಎಂದರ್ಥ. ಆಟದ ಬಿಸಿಯಲ್ಲಿ ಮಗು ನೋವನ್ನು ಮರೆಯುತ್ತದೆ, ಬೆಳಗಿನ ಮೊದಲ ಹೆಜ್ಜೆ ಮರೆಯುವುದಿಲ್ಲ. ಆದ್ದರಿಂದಲೇ ಪಂದ್ಯಕ್ಕೆ ಮೊದಲು ನೋವಿನ ಮಾತ್ರೆ ಕೊಟ್ಟು ಕಳುಹಿಸುವುದನ್ನು ನಾನು ಬೇಡವೆನ್ನುತ್ತೇನೆ. ಅದು ಈ ಅಳತೆಗೋಲನ್ನೇ ಕಸಿದುಕೊಳ್ಳುತ್ತದೆ. ಆಟವಾದ ಮೇಲೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ಹಿತವೆನಿಸುತ್ತದೆ, ಅದರಿಂದ ಕೇಡಿಲ್ಲ. ಎಣ್ಣೆ ತಿಕ್ಕುವ ಮನೆಯವರು ಮೀನಖಂಡಕ್ಕೆ ತಿಕ್ಕಲಿ, ನೋಯುವ ಹಿಮ್ಮಡಿಯನ್ನು ಒತ್ತಿ ಉಜ್ಜುವುದು ಬೇಡ.

ಮೆತ್ತೆಗಳಲ್ಲಿ ಯಾವುದು?

ಔಷಧದ ಅಂಗಡಿಯಲ್ಲೂ ಕ್ರೀಡಾಸಾಮಗ್ರಿಯ ಅಂಗಡಿಯಲ್ಲೂ ಸಿಗುವವು ಮುಖ್ಯವಾಗಿ ಮೂರು ಬಗೆಯವು. ನೋಡಲು ಒಂದೇ ತೆರನಾಗಿದ್ದರೂ ಅವು ಮಾಡುವ ಕೆಲಸ ಬೇರೆಬೇರೆ.

ಚಪ್ಪಟೆಯಾದ ಜೆಲ್ ಅಥವಾ ಸ್ಪಂಜಿನ ಮೆತ್ತೆ ಗುದ್ದನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಎಳೆತವನ್ನು ಏನೂ ಮಾಡುವುದಿಲ್ಲ. ಬೆಲೆ ಕಡಿಮೆ. ಆದರೆ ತೀರಾ ಮೆತ್ತಗಿದ್ದರೆ ಹಿಮ್ಮಡಿ ಅದರಲ್ಲಿ ಹೂತು ಮೂಳೆಯ ತುದಿ ಕೊನೆಗೆ ಶೂವಿನ ಅಡಿಯನ್ನೇ ಮುಟ್ಟುತ್ತದೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಅಡಿಯ ಮೇಜು ಕೈಗೆ ಗಟ್ಟಿಯಾಗಿ ತಗಲಿದರೆ ಆ ಮೆತ್ತೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಎರಡನೆಯದು ಹಿಂದೆ ದಪ್ಪ, ಮುಂದೆ ತೆಳ್ಳಗೆ ಇರುವ, ಹಿಮ್ಮಡಿಯನ್ನು ಎತ್ತರಿಸುವ ಮೆತ್ತೆ. ಸುಮಾರು ಆರರಿಂದ ಹತ್ತು ಮಿಲಿಮೀಟರ್ ಎತ್ತರಿಸಿದರೆ ಮೀನಖಂಡದ ಎಳೆತ ಸಡಿಲವಾಗುತ್ತದೆ. ಪಾದವನ್ನು ಮೊಣಕಾಲಿನ ಕಡೆಗೆ ಮೇಲಕ್ಕೆ ಮಡಚಲು ಕಷ್ಟಪಡುವ, ಅಂದರೆ ಮೀನಖಂಡ ಸ್ಪಷ್ಟವಾಗಿ ಬಿಗಿದಿರುವ ಮಗುವಿಗೆ ಇದು ಹೆಚ್ಚು ಹೊಂದುತ್ತದೆ. ಇದರ ಮಿತಿ ಫುಟ್ಬಾಲ್ ಬೂಟಿನಲ್ಲಿ ಕಾಣಿಸಿಕೊಳ್ಳುತ್ತದೆ: ಬೂಟಿನ ಹಿಂಗೋಡೆ ಗಿಡ್ಡವಾಗಿರುವುದರಿಂದ ಎತ್ತರವಾದ ಹಿಮ್ಮಡಿ ಹೊರಗೆ ಜಾರುತ್ತದೆ, ಚರ್ಮ ಉಜ್ಜಿ ಗುಳ್ಳೆ ಬರುತ್ತದೆ. ತಿಂಗಳುಗಟ್ಟಲೆ ಎತ್ತರದಲ್ಲೇ ನಿಂತರೆ ಮೀನಖಂಡ ಆ ಗಿಡ್ಡ ಉದ್ದಕ್ಕೇ ಒಗ್ಗಿಕೊಳ್ಳುವ ಸಂಭವವೂ ಇದೆ. ನೋವು ಇಳಿದ ಮೇಲೆ ಇದನ್ನು ಕ್ರಮೇಣ ಬಿಡಿಸಬೇಕು.

ಮೂರನೆಯದು ಹೀಲ್ ಕಪ್. ಅದಕ್ಕೆ ಬಟ್ಟಲಿನಂತೆ ಬದಿಗೋಡೆಗಳಿವೆ, ಅದರ ಗುಟ್ಟು ಇರುವುದೂ ಆ ಗೋಡೆಗಳಲ್ಲೇ. ನಮ್ಮ ಹಿಮ್ಮಡಿಯಡಿಯಲ್ಲಿ ಹುಟ್ಟಿನಿಂದಲೇ ಕೊಬ್ಬಿನ ಒಂದು ಮೆತ್ತೆಯಿದೆ, ಕಾಲೂರಿದಾಗ ಅದು ಬದಿಗಳಿಗೆ ಹರಡಿ ತೆಳ್ಳಗಾಗುತ್ತದೆ. ಕಪ್ಪಿನ ಗೋಡೆಗಳು ಅದನ್ನು ಹರಡಲು ಬಿಡದೆ ಮೂಳೆಯ ಕೆಳಗೇ ದಪ್ಪವಾಗಿ ಹಿಡಿದಿಡುತ್ತವೆ. ಸ್ವೀಡನ್ನಿನಲ್ಲಿ ಇದೇ ತೊಂದರೆಯ ಹುಡುಗರಿಗೆ ಎತ್ತರಿಸುವ ಮೆತ್ತೆಯನ್ನೂ ಕಪ್ಪನ್ನೂ ಸರದಿಯಂತೆ ಕೊಟ್ಟು ನೋಡಿದಾಗ ಎರಡರಿಂದಲೂ ಆಟದ ವೇಳೆಯ ನೋವು ತಗ್ಗಿತು, ಹೆಚ್ಚಿನವರು ಆರಿಸಿಕೊಂಡದ್ದು ಕಪ್ಪನ್ನು. ಗಟ್ಟಿ ನೆಲದಲ್ಲಿ ಆಡುವ ನಮ್ಮ ಮಕ್ಕಳಿಗೆ ನಾನೂ ಮೊದಲು ಹೇಳುವುದು ಕಪ್ಪನ್ನೇ. ಗೋಡೆ ತೀರಾ ಮೆತ್ತಗಿರಬಾರದು, ಬೆರಳಲ್ಲಿ ಬಗ್ಗಿಸಿದರೆ ತಿರುಗಿ ನಿಲ್ಲುವಷ್ಟು ಗಟ್ಟಿಯಿರಬೇಕು. ಅಳತೆ ಮಗುವಿನದೇ ಆಗಿರಬೇಕು, ದೊಡ್ಡವರ ಕಪ್ಪಿನಲ್ಲಿ ಮಗುವಿನ ಹಿಮ್ಮಡಿ ಅಲುಗಾಡಿದರೆ ಅದು ಚಪ್ಪಟೆ ಮೆತ್ತೆಗೆ ಸಮಾನ. ಒಂದೇ ಕಾಲು ನೋಯುತ್ತಿದ್ದರೂ ಎರಡೂ ಶೂಗಳಿಗೆ ಹಾಕಬೇಕು, ಇಲ್ಲವಾದರೆ ಕಾಲುಗಳ ಎತ್ತರದಲ್ಲಿ ವ್ಯತ್ಯಾಸವಾಗುತ್ತದೆ. ಅಚ್ಚು ತೆಗೆದು ಮಾಡಿಸುವ ದುಬಾರಿ ಪೂರ್ಣಪಾದದ ಅಟ್ಟೆಗಳನ್ನು ಆರಂಭದಲ್ಲೇ ಮಾಡಿಸಬೇಕಾದ ಅಗತ್ಯ ನನಗೆ ಕಂಡಿಲ್ಲ. ಬೆಳೆಯುವ ಪಾದಕ್ಕೆ ಅವು ಬೇಗ ಚಿಕ್ಕದಾಗುತ್ತವೆ.

ಮೆತ್ತೆಯಿಂದ ಎಷ್ಟು ನಿರೀಕ್ಷಿಸಬೇಕು ಎಂಬುದಕ್ಕೂ ಉತ್ತರವಿದೆ. ನೆದರ್ಲೆಂಡ್ಸಿನಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ನೋವು ತರುವ ಆಟ ಬಿಟ್ಟು ಕಾಯುವಂತೆ ಹೇಳಿ, ಒಂದಕ್ಕೆ ಹಿಮ್ಮಡಿ ಎತ್ತರಿಸುವ ಮೆತ್ತೆ ಕೊಟ್ಟು, ಒಂದಕ್ಕೆ ಫಿಸಿಯೋಥೆರಪಿಯ ವ್ಯಾಯಾಮ ಮಾಡಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ತಿಂಗಳಾಗುವಾಗ ಮೂರೂ ಗುಂಪಿನ ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು, ಅವುಗಳ ನಡುವೆ ಹೇಳಿಕೊಳ್ಳುವ ಅಂತರವಿರಲಿಲ್ಲ. ಆಸ್ಟ್ರೇಲಿಯಾದ ಇನ್ನೊಂದು ಅಧ್ಯಯನದಲ್ಲಿ ಎತ್ತರಿಸುವ ಮೆತ್ತೆ ಮೊದಲ ಒಂದೆರಡು ತಿಂಗಳು ಸ್ವಲ್ಪ ಹೆಚ್ಚು ನೆರವಾಯಿತು, ವರ್ಷದ ಕೊನೆಗೆ ಆ ಮೇಲುಗೈ ಉಳಿಯಲಿಲ್ಲ. ಅಂದರೆ ಮೆತ್ತೆ ಮೊದಲ ವಾರಗಳ ನಡಿಗೆಯನ್ನು, ಶಾಲೆಯ ದಿನವನ್ನು ಹಗುರಗೊಳಿಸುತ್ತದೆ. ಆಟದ ಹೊರೆಯನ್ನು ಹಾಗೆಯೇ ಉಳಿಸಿ ಮೆತ್ತೆಯೊಂದರಿಂದ ಗುಣ ಬಯಸುವುದು ತಪ್ಪು.

ಒಬ್ಬ ಹುಡುಗನ ಹತ್ತು ವಾರ

ಬದಿಯಡ್ಕದ ಕಡೆಯ ಆರನೆಯ ತರಗತಿಯ ಹುಡುಗನೊಬ್ಬನನ್ನು ಜನವರಿಯಲ್ಲಿ ಅವನ ತಾಯಿ ಕರೆತಂದರು. ವಯಸ್ಸು ಹನ್ನೊಂದೂವರೆ, ಹತ್ತು ತಿಂಗಳಲ್ಲಿ ಆರು ಸೆಂಟಿಮೀಟರ್ ಎತ್ತರವಾಗಿದ್ದ. ಬಲ ಹಿಮ್ಮಡಿಯ ನೋವು ಆಟದ ಕೊನೆಗೆ ಆರು, ಎಡದ್ದು ಮೂರು. "ಆಟ ನಿಲ್ಲಿಸು ಅಂದರೆ ಇವನು ಊಟವನ್ನೇ ಬಿಡುತ್ತಾನೆ, ಏನು ಮಾಡಲಿ ಹೇಳಿ" ಎಂದು ತಾಯಿ ಕೇಳಿದರು. ವಾರದ ಲೆಕ್ಕ ಬರೆಯಿಸಿದೆವು. ಶಾಲಾ ತಂಡದ ಅಭ್ಯಾಸ ಮೂರು ದಿನ ಒಂದೂವರೆ ಗಂಟೆಯಂತೆ, ಶನಿವಾರ ಕ್ಲಬ್ಬಿನಲ್ಲಿ ಎರಡು ಗಂಟೆ, ಭಾನುವಾರದ ಸೆವೆನ್ಸಿನಲ್ಲಿ ಒಂದೂವರೆ ಗಂಟೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ದಿನವೂ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯ ಸಿಮೆಂಟಿನ ಅಂಗಳದಲ್ಲಿ ತೆಳು ಅಟ್ಟೆಯ ಕಪ್ಪು ಶೂ ಹಾಕಿ ಆಡುತ್ತಿದ್ದ ಇಪ್ಪತ್ತು ನಿಮಿಷ. ಒಟ್ಟು ಒಂಬತ್ತೂವರೆ ಗಂಟೆಗೂ ಮಿಕ್ಕಿತು.

ಮೊದಲ ಎರಡು ವಾರ ಅಂಗಳದ ಆಟ, ಕ್ಲಬ್ಬು, ಸೆವೆನ್ಸ್ ಮೂರನ್ನೂ ನಿಲ್ಲಿಸಿ, ಶಾಲಾ ತಂಡದ ಅಭ್ಯಾಸಕ್ಕೆ ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಕಳುಹಿಸಿದೆವು. ಅಲ್ಲಿ ಓಟವಿಲ್ಲ, ಚೆಂಡು ಹಾಯಿಸುವುದು, ನಿಲ್ಲಿಸುವುದು, ಎಸೆಯುವುದು ಮಾತ್ರ. ತಂಡದ ಜೊತೆ ಮೈದಾನದಲ್ಲಿ ನಿಂತಿದ್ದರಿಂದ ಅವನ ಮುಖ ಬಾಡಲಿಲ್ಲ. ಉಳಿದ ಮೂರು ದಿನ ಅರ್ಧ ಗಂಟೆ ಸೈಕಲ್. ಎರಡೂ ಶೂಗಳಿಗೆ ಕಪ್ ಬಂತು. ಆಟದ ಬೂಟಿನಲ್ಲಿ ಕಪ್ ಇಟ್ಟಾಗ ಹಿಮ್ಮಡಿ ಜಾರುತ್ತಿತ್ತು. ಬೂಟಿನೊಳಗಿನ ಅಟ್ಟೆಯ ಹಿಂಭಾಗವನ್ನು ತೆಗೆದು ಕಪ್ಪನ್ನು ನೇರವಾಗಿ ಕೆಳಗೆ ಕೂರಿಸಿದರೂ ಸಾಲದಾಯಿತು. ಜೊತೆಗೆ ಆ ಬೂಟಿನ ಹಿಂಭಾಗದ ಉದ್ದ ಸ್ಟಡ್ಡುಗಳು ಮುರಕಲ್ಲಿನ ನೆಲಕ್ಕೆ ಇಳಿಯದೆ ಪ್ರತಿ ಹೆಜ್ಜೆಯ ಗುದ್ದನ್ನು ನೇರವಾಗಿ ಹಿಮ್ಮಡಿಗೆ ಕಳುಹಿಸುತ್ತಿದ್ದವು. ಮಳೆಗಾಲದ ಹುಲ್ಲುನೆಲಕ್ಕೆ ಹೊಂದುವ ಬೂಟು ಬೇಸಿಗೆಯ ಗಟ್ಟಿ ನೆಲಕ್ಕೆ ಹೊಂದದು. ಅಡಿಯಲ್ಲಿ ಚಿಕ್ಕ ರಬ್ಬರ್ ಗುಬಟುಗಳಿರುವ ಟರ್ಫ್ ಶೂ ತಂದ ಮೇಲೆ ಕಪ್ ಸರಿಯಾಗಿ ಕುಳಿತಿತು.

ಇನ್ನೊಂದು ತೊಡಕು ಮನೆಯೊಳಗಿನದು. ಶೂ ಒಳಗಿನ ಮೆತ್ತೆ ಶೂ ಹಾಕಿದಾಗ ಮಾತ್ರ ಕೆಲಸ ಮಾಡುತ್ತದೆ, ನಮ್ಮ ಮನೆಗಳಲ್ಲಿ ಮಕ್ಕಳು ಸಂಜೆಯಿಂದ ಬೆಳಗಿನವರೆಗೆ ಟೈಲ್ಸಿನ ನೆಲದ ಮೇಲೆ ಬರಿಗಾಲಲ್ಲಿರುತ್ತಾರೆ. ಮನೆಯೊಳಗೆ ಚಪ್ಪಲಿ ಹಾಕುವುದು ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಹೊಸ ಮೆತ್ತನೆಯ ಚಪ್ಪಲಿಯೊಂದನ್ನು ಹೊಸ್ತಿಲು ದಾಟಿಸದೆ ಒಳಗೇ ಇಡುವುದು, ದೇವರ ಕೋಣೆಗೆ ಹಾಕದಿರುವುದು ಎಂದು ಮಾತಾದ ಮೇಲೆ ಒಪ್ಪಿದರು.

ಮೂರನೆಯ ವಾರ ಬೆಳಗಿನ ನೋವು ಒಂದಕ್ಕೆ ಇಳಿದಿತ್ತು. ಹುಲ್ಲಿರುವ ಕಡೆ ಹದಿನೈದು ನಿಮಿಷ ನಿಧಾನ ಓಟ ಸೇರಿಸಿದೆವು. ಮೀನಖಂಡ ಎಳೆಯುವ ವ್ಯಾಯಾಮವನ್ನೂ ಆಗಲೇ ಆರಂಭಿಸಿದ್ದು: ಗೋಡೆಗೆ ಕೈಯಿಟ್ಟು, ಹಿಂದಿನ ಕಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ, ಮೊಣಕಾಲು ನೇರವಾಗಿಟ್ಟು ಮೂವತ್ತು ಸೆಕೆಂಡು, ಮೂರು ಬಾರಿ. ಹಿಮ್ಮಡಿಯಲ್ಲಿ ನೋವು ಬಂದರೆ ಅಲ್ಲೇ ನಿಲ್ಲಿಸಬೇಕು, ಎಳೆತ ಮೀನಖಂಡದಲ್ಲಿ ಮಾತ್ರ ತಿಳಿಯಬೇಕು. ನೋವು ತೀವ್ರವಾಗಿರುವ ಮೊದಲ ದಿನಗಳಲ್ಲೇ ಬಲವಾಗಿ ಎಳೆಸಿದರೆ ಈಗಾಗಲೇ ಎಳೆತದಿಂದ ನೊಂದ ಜಾಗವನ್ನು ಮತ್ತೆ ಎಳೆದಂತಾಗುತ್ತದೆ.

ಐದನೆಯ ವಾರ ಅರ್ಧ ಅಭ್ಯಾಸ, ಇಪ್ಪತ್ತು ನಿಮಿಷದ ಸಣ್ಣ ಆಟ ಎಂದು ಗೊತ್ತುಮಾಡಿದ್ದೆವು. ಆ ಭಾನುವಾರ ಊರಿನ ಕ್ಲಬ್ಬಿನ ವಾರ್ಷಿಕೋತ್ಸವದ ಪಂದ್ಯಾಟದಲ್ಲಿ ಆಟಗಾರ ಕಡಿಮೆಯಾದನೆಂದು ಅವನನ್ನು ಇಳಿಸಿದರು, ಅವನು ಎರಡು ಪಂದ್ಯ ಆಡಿದ. ಸೋಮವಾರ ಬೆಳಿಗ್ಗೆ ನೋವು ಐದು, ಮತ್ತೆ ಕುಂಟು. ತಾಯಿ ಕಪ್ ಕೆಲಸ ಮಾಡಲಿಲ್ಲವೆಂದು ಬೇರೆ ಮೆತ್ತೆ ಕೇಳಿದರು. ತಪ್ಪು ಕಪ್ಪಿನದಾಗಿರಲಿಲ್ಲ: ಮೂರು ವಾರದಲ್ಲಿ ಏರಿಸಬೇಕಾದ ಹೊರೆಯನ್ನು ಒಂದೇ ಮಧ್ಯಾಹ್ನ ಹೊರಿಸಲಾಗಿತ್ತು. ಮೆತ್ತೆ ಬದಲಿಸದೆ ಮೂರನೆಯ ವಾರದ ಮಟ್ಟಕ್ಕೆ ಹಿಂದಿರುಗಿದೆವು. ಐದು ದಿನದಲ್ಲಿ ಬೆಳಗಿನ ನೋವು ಮತ್ತೆ ಒಂದಕ್ಕೆ ಬಂತು. ಇಂಥ ಹಿನ್ನಡೆ ಬಂದಾಗ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನೋವಿಲ್ಲದೆ ನಡೆದಿದ್ದ ಕೊನೆಯ ಮಟ್ಟಕ್ಕೆ ಇಳಿದರೆ ಸಾಕು.

ಪಂದ್ಯಕ್ಕೆ ಬಿಡುವ ಮೊದಲು ಎರಡು ಪರೀಕ್ಷೆ ಮಾಡಿದೆವು. ಹಿಮ್ಮಡಿಯನ್ನು ಬದಿಗಳಿಂದ ಒತ್ತಿದಾಗ ಅವನು ಕಾಲೆಳೆಯಬಾರದು, ಬಲಗಾಲೊಂದರ ಮೇಲೇ ಹತ್ತು ಬಾರಿ ನೋವಿಲ್ಲದೆ ಕುಪ್ಪಳಿಸಬೇಕು. ಎಂಟನೆಯ ವಾರದ ಕೊನೆಗೆ ಎರಡರಲ್ಲೂ ತೇರ್ಗಡೆಯಾದ. ಆಮೇಲೆ ದಿನಕ್ಕೆ ಒಂದೇ ಪಂದ್ಯ, ಮರುದಿನ ಬಿಡುವು ಎಂಬ ಕರಾರಿನ ಮೇಲೆ ಸೆವೆನ್ಸಿಗೆ ಮರಳಿದ, ಹತ್ತನೆಯ ವಾರ ಪೂರ್ಣ ಅಭ್ಯಾಸಕ್ಕೆ ಬಂದ. ಸಿಮೆಂಟಿನ ಅಂಗಳದ ಆಟವನ್ನು ಮಾತ್ರ ಮರಳಿ ಕೊಡಲಿಲ್ಲ.

ನಿಮ್ಮ ಮಗುವಿಗೆ ಯಾವುದು

ನಡೆಯುವಾಗಲೇ ಕುಂಟುವ ಮಗುವಿಗೆ ಒಂದೆರಡು ವಾರ ಓಟ ಮತ್ತು ಜಿಗಿತ ಪೂರ್ತಿ ಬೇಡ, ಜೊತೆಗೆ ಕಪ್ ಅಥವಾ ಎತ್ತರಿಸುವ ಮೆತ್ತೆ ಇರಲಿ. ನಡಿಗೆ ಸರಿಯಿದ್ದು ಆಟದ ಕೊನೆಗೆ ಮಾತ್ರ ನೋಯುವವನಿಗೆ ಆಟದ ಕಡಿತವೇ ಮೊದಲು, ಮೆತ್ತೆ ಅದರ ಜೊತೆಗೆ. ನೋವು ಎರಡನ್ನು ಮೀರದ, ಮರುಬೆಳಿಗ್ಗೆ ಏನೂ ಇಲ್ಲದ ಮಗುವಿಗೆ ಗಟ್ಟಿ ನೆಲದ ಒಂದು ದಿನವನ್ನು ತೆಗೆದು, ಬೂಟು ಬದಲಿಸಿದರೆ ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ. ಹಣ ಒಂದಕ್ಕೆ ಮಾತ್ರ ಸಾಲುವುದಾದರೆ ಮತ್ತು ಇರುವ ಬೂಟು ಉದ್ದ ಸ್ಟಡ್ಡಿನದಾಗಿದ್ದರೆ, ಕಪ್ಪಿಗಿಂತ ಮೊದಲು ಶೂ ಕೊಳ್ಳಿ. ಹೀಗೆ ಕ್ರಮವಾಗಿ ಹೊರೆ ಇಳಿಸಿಯೂ ಎಂಟು ವಾರದಲ್ಲಿ ನೋವು ಸ್ವಲ್ಪವೂ ಕದಲದಿದ್ದರೆ ಮತ್ತೊಂದು ಮೆತ್ತೆ ಹುಡುಕುವ ಬದಲು ಮೂಳೆತಜ್ಞರಿಗೆ ತೋರಿಸಿ. ಹಿಮ್ಮಡಿ ಮೂಳೆಯ ಕೂದಲೆಳೆ ಬಿರುಕು, ಮೂಳೆಯೊಳಗಿನ ನೀರುಗುಳ್ಳೆ ಮುಂತಾದವನ್ನು ಅವರು ಪರೀಕ್ಷಿಸಿ ನೋಡಬೇಕಾಗುತ್ತದೆ. ಗುಣವಾದ ಮಗುವಿಗೆ ಮುಂದಿನ ವರ್ಷ ಎತ್ತರ ಮತ್ತೆ ವೇಗವಾಗಿ ಏರುವಾಗ ನೋವು ಮರುಕಳಿಸಬಹುದು. ಆಗ ಕಪ್ಪಿನ ಅಳತೆ ಚಿಕ್ಕದಾಗಿರುತ್ತದೆ, ಹಳೆಯದನ್ನೇ ಹಾಕಿಸಬೇಡಿ.